ಓದಿ ಒಪ್ಪಿದ ಬಾಡಿಗೆ ಮನೆ

ಆ ಭಾನುವಾರ ನಾನು ರೊಟ್ಟಿ ಬಡಿಯುತ್ತ ಕೂತಿದ್ದೆ. ಹಂಚಿನ ಮೇಲೆ ಒಂದು ಬೇಯುತ್ತಿತ್ತು, ಪರಾತದಲ್ಲಿ ಇನ್ನೊಂದು ಅರ್ಧ ಬಡಿದಿತ್ತು. ಯಜಮಾನರು ಸೇಡಂನಿಂದ ಬಂದವರು ಚಪ್ಪಲಿ ಕಳೆಯುವ ಮೊದಲೇ ಬಾಗಿಲಲ್ಲಿ ನಿಂತು, "ಸಿಕ್ತು ನೋಡು, ಮನಿ ಸಿಕ್ತು," ಎಂದರು. ಕೈಯಲ್ಲಿ ಮಡಿಸಿದ ಜೆರಾಕ್ಸ್ ಕಾಗದ. ನಾನು "ಶಿವಾ" ಎಂದು ಹಿಟ್ಟಿನ ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡೆ.

ಮನೆ ಸಿಗುವುದು ನಮಗೆ ಸಣ್ಣ ಮಾತಾಗಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ನಾನಿದ್ದದ್ದು ಆದಿತ್ಯನಗರದ ಕ್ವಾರ್ಟರ್ಸ್‌ನಲ್ಲಿ. ಯಜಮಾನರು ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನೌಕರಿ ಮಾಡಿದವರು. ನೌಕರಿ ಮುಗಿಯುತ್ತ ಬಂದಿತ್ತು. ನೌಕರಿ ಮುಗಿದರೆ ಕ್ವಾರ್ಟರ್ಸ್ ಬಿಡಬೇಕು, ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ನಮ್ಮ ಮನೆಯಲ್ಲಿ ಅತ್ತೆ ಇದ್ದರು. ಕಾಚಬಿಂದು ಎಂಬ ಬೇನೆ ಬಂದು ಅವರ ಎರಡೂ ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ಆದರೂ ಮನೆಯೊಳಗೆ ಅವರು ಕುರುಡರಂತೆ ನಡೆಯುತ್ತಿರಲಿಲ್ಲ. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು, ಮೊಣಕೈಗೆ ಮೂಲೆ ತಾಗಿದಲ್ಲಿ ಅಡುಗೆಮನೆಗೆ ತಿರುಗುತ್ತಿದ್ದರು, ದೇವರ ಮಾಡದ ಮುಂದೆ ತಾವಾಗಿಯೇ ಬಂದು ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಆ ಮನೆ ಬಿಟ್ಟರೆ ಅವರಿಗೆ ಅಷ್ಟೂ ಹೋಗಿ, ಮತ್ತೆ ಮೊದಲಿನಿಂದ ಶುರು. ಕಲಿಯುತ್ತಾರೆ, ಗಟ್ಟಿ ಜೀವ. ಆದರೆ ಕಲಿತ ಮೇಲೆ ಯಾರೋ ಬಂದು "ಖಾಲಿ ಮಾಡಿ" ಎಂದರೆ? ನನ್ನ ಚಿಂತೆ ಇದೊಂದೇ ಆಗಿತ್ತು. ಮನೆ ಚಿಕ್ಕದಿರಲಿ, ನೀರು ದಿನ ಬಿಟ್ಟು ದಿನ ಬರಲಿ, ಅತ್ತೆಯನ್ನು ಮೇಲಿಂದ ಮೇಲೆ ಎಬ್ಬಿಸುವಂತಾಗಬಾರದು.

"ಕರಾರು ಪತ್ರ ತಯಾರದ. ನಾಳಿ ಸೋಮವಾರ, ಮುಂಜಾನಿ ಹೋಗಿ ಸೈ ಮಾಡೂದು ಅಷ್ಟೇ ಬಾಕಿ," ಎಂದರು ಯಜಮಾನರು.

"ಓದೀರೇನ್ರಿ?"

"ಅದರಾಗ ಓದೂದು ಏನದ? ಎಲ್ಲಾ ಮನಿಗೂ ಒಂದೇ ನಮೂನಿ ಇರ್ತದ."

"ಎಲ್ಲಾ ಮನಿ ಅಂದ್ರ, ನೀವು ಇದಕ್ಕ ಮದ್ಲ ಎಷ್ಟು ಮನಿ ಕಿರಾಯಿ ಹಿಡ್ದೀರಿ?"

ಒಳಗಿನಿಂದ ಅತ್ತೆ ನಕ್ಕರು. ಯಜಮಾನರಿಗೆ ಸಿಟ್ಟು ಬಂತು. "ಮನಿ ಕೊಡೂ ಸಾವಕಾರ್ರು ದೊಡ್ಡ ಮನಷ್ಯಾರು ಅದಾರ. ಕಾಳಿನ ಅಡತಿ ಅಂಗಡಿ ಅದ, ನಾಕು ಮಂದಿ ಕೈಮುಗಿತಾರ. ಅವರ ಮುಂದ ಕಾಗದ ಹಿಡ್ಕೊಂಡು ಓದ್ಕೋತ ಕುಂತ್ರ, ನಿಮ್ಮ ಮ್ಯಾಲ ನಂಬಿಕಿ ಇಲ್ರಿ ಅಂದಂಗ ಆಗಲ್ಲೇನು?"

ಅವರ ಮಾತು ಸುಳ್ಳಲ್ಲ. ನಮ್ಮ ಕಡೆ ದೊಡ್ಡವರು ಕೊಟ್ಟ ಕಾಗದ ಓದಿದರೆ ಅವರ ಮಾತನ್ನು ತೂಕಕ್ಕೆ ಹಾಕಿದಂತೆ. ಸೈ ಮಾಡುವ ಹೊತ್ತಿಗೆ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿರುತ್ತಾರೆ. ಆಗ "ಇದು ಯಾಕ್ರಿ, ಅದು ಯಾಕ್ರಿ" ಎಂದರೆ ಒಳ್ಳೆಯ ಗಳಿಗೆಯಲ್ಲಿ ಅಪಶಕುನ ಆಡಿದಂತೆ. ಅದಕ್ಕೇ, ಕೇಳುವುದಿದ್ದರೆ ಹಿಂದಿನ ದಿನವೇ ನೋಡಿಕೊಳ್ಳಬೇಕು ಎಂದುಕೊಂಡೆ. ರೊಟ್ಟಿ ಮುಗಿಸಿ, ಊಟ ಬಡಿಸಿ, ಕೈತೊಳೆದು ಕಾಗದ ತೆಗೆದುಕೊಂಡು ಅತ್ತೆಯ ಹತ್ತಿರ ಕೂತೆ. ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಕಾಗದದ ಕನ್ನಡ ಕಚೇರಿಯ ಕನ್ನಡ. ಒಂದೊಂದು ಸಾಲನ್ನು ಎರಡೆರಡು ಸಲ ಓದಬೇಕಾಯಿತು. ಗಟ್ಟಿಯಾಗಿಯೇ ಓದಿದೆ.

ಮೊದಲ ಪುಟದ ಮೇಲರ್ಧ ಇ-ಸ್ಟ್ಯಾಂಪು, ಕೆಳಗೆ ಹೆಸರು, ವಿಳಾಸ, ಹನ್ನೊಂದು ತಿಂಗಳ ಅವಧಿ, ಬಾಡಿಗೆ, ಆರು ತಿಂಗಳ ಬಾಡಿಗೆಯಷ್ಟು ಡಿಪಾಜಿಟ್ಟು. ಅದೆಲ್ಲ ಮಾತಾಡಿದಂತೆಯೇ ಇತ್ತು. ಎರಡನೇ ಪುಟಕ್ಕೆ ಬಂದಾಗ ನನ್ನ ಓದು ನಿಧಾನವಾಯಿತು.

ಬಾಡಿಗೆದಾರರು ಮನೆ ಬಿಡುವುದಾದರೆ ಮೂರು ತಿಂಗಳು ಮುಂಚಿತ ನೋಟೀಸು ಕೊಡಬೇಕು. ಮಾಲೀಕರು ಬಿಡಿಸುವುದಾದರೆ ಒಂದು ತಿಂಗಳ ನೋಟೀಸು ಸಾಕು, ಅದೂ ಯಾವಾಗ ಬೇಕಾದರೂ. ಬಾಡಿಗೆದಾರರು ಅವಧಿಗೆ ಮೊದಲೇ ಬಿಟ್ಟರೆ ಡಿಪಾಜಿಟ್ಟು ವಾಪಸ್ಸು ಕೇಳುವ ಹಕ್ಕಿಲ್ಲ. ಅವಧಿ ಮುಗಿಸಿ ಬಿಟ್ಟರೆ ಬಾಕಿ, ಕರೆಂಟು ಬಿಲ್ಲು, ಬಣ್ಣ ಮತ್ತು ಹಾನಿಯ ಖರ್ಚು ಕಳೆದು ಉಳಿದದ್ದನ್ನು ಮರಳಿ ಕೊಡಲಾಗುವುದು. ಯಾವಾಗ ಎಂದು ಬರೆದಿರಲಿಲ್ಲ. ಹಾನಿ ಎಂದರೆ ಯಾವುದು ಎಂದೂ ಇರಲಿಲ್ಲ. ಸಣ್ಣ ಮತ್ತು ದೊಡ್ಡ ಎಲ್ಲಾ ದುರಸ್ತಿಗಳನ್ನು ಬಾಡಿಗೆದಾರರು ಸ್ವಂತ ಖರ್ಚಿನಿಂದ ಮಾಡಿಸತಕ್ಕದ್ದು. ಶಟರಿಗೆ ವರ್ಷಕ್ಕೊಮ್ಮೆ ಗ್ರೀಸು ಹಚ್ಚಿಸಿ ಸುಸ್ಥಿತಿಯಲ್ಲಿ ಇಡತಕ್ಕದ್ದು.

"ನಿಲ್ಲು," ಎಂದರು ಅತ್ತೆ. "ಶಟರ್ ಅಂದ್ಯಾ? ತಮ್ಮಾ, ನೀ ಮನಿ ಹಿಡ್ದೀಯೋ, ಪಾನಪಟ್ಟಿ ಅಂಗಡಿ ಹಿಡ್ದೀಯೋ?"

ಯಜಮಾನರು ಕಾಗದ ಕಸಿದುಕೊಂಡು ಕನ್ನಡಕ ಏರಿಸಿ ನೋಡಿದರು. ಶಟರು ಅಲ್ಲೇ ಇತ್ತು. "ಟೈಪ್ ಮಾಡಾವ ಏನರ ತಪ್ಪು ಮಾಡ್ಯಾನ," ಎಂದರು.

"ಶಟರ್ ಬಿಡ್ರಿ," ಎಂದೆ ನಾನು. "ಎಲ್ಲಾ ದುರಸ್ತಿ ನಾವೇ ಅಂತದಲ್ರೀ ಇದು."

"ಅದಕ್ಯಾಕ ಇಷ್ಟು ಫಿಕರ್ ಮಾಡ್ತಿ? ಏನರ ಕೆಟ್ರ ಬರೆಸಿದ್ರಾತು, ಬಂದು ಮಾಡಿ ಹೋಗ್ತಾರ."

"ಎಲ್ಲಿ ಬರೆಸ್ತೀರಿ? ಯಾರು ಬರ್ತಾರ?"

ಕ್ವಾರ್ಟರ್ಸ್‌ನಲ್ಲಿದ್ದ ನಮ್ಮಂಥವರಷ್ಟೇ ಮಾಡುವ ತಪ್ಪು ಇದು. ಇಷ್ಟು ವರ್ಷ ನಲ್ಲಿ ಸೋರಿದರೂ, ಫ್ಯಾನು ನಿಂತರೂ, ಮಾಳಿಗೆ ಹನಿಸಿದರೂ ಮೆಂಟೆನೆನ್ಸ್ ಆಫೀಸಿನ ಕಂಪ್ಲೇಂಟ್ ಪುಸ್ತಕದಲ್ಲಿ ಒಂದು ಸಾಲು ಬರೆಸಿ ಬಂದರೆ ಮುಗಿಯಿತು. ಇವತ್ತಲ್ಲ ನಾಳೆ ಒಬ್ಬರು ಪಾನಾ, ಇಕ್ಕಳ ಹಿಡಿದುಕೊಂಡು ಬಂದು ಬಾಗಿಲು ಬಡಿಯುತ್ತಿದ್ದರು. ದುರಸ್ತಿ ಎಂಬುದು ಯಾರದೋ ಖರ್ಚು ಎಂಬ ಮಾತೇ ನಮ್ಮ ತಲೆಯಲ್ಲಿ ಇರಲಿಲ್ಲ. ನನಗೂ ಆವರೆಗೆ ಹೊಳೆದಿರಲಿಲ್ಲ. ಅತ್ತೆ ಶಟರ್ ಕೇಳಿ ನಿಲ್ಲಿಸದಿದ್ದರೆ ನಾನೂ ಆ ಸಾಲನ್ನು ದಾಟಿ ಹೋಗುತ್ತಿದ್ದೆನೋ ಏನೋ.

ಆ ಮನೆಯನ್ನು ನಾನು ಒಮ್ಮೆ ನೋಡಿ ಬಂದಿದ್ದೆ. ಶಹಾಬಾದ್ ಪರಸಿ ಕಲ್ಲಿನ ನೆಲ, ಪರಸಿಯದೇ ಮಾಳಿಗೆ. ನಮ್ಮ ಸೀಮೆಯಲ್ಲಿ ಹಳೆಯ ಮನೆಗಳೆಲ್ಲ ಹೀಗೆಯೇ. ತೊಲೆಗಳ ಮೇಲೆ ಕಲ್ಲಿನ ಹಾಸು, ಕಲ್ಲು ಕಲ್ಲಿನ ನಡುವೆ ಸಂದು. ಸಂದಿಗೆ ಬೇಸಿಗೆಯಲ್ಲಿ ಸಿಮೆಂಟು ತುಂಬಿಸದಿದ್ದರೆ ಮಳೆಗಾಲದಲ್ಲಿ ಪಾತ್ರೆ ಇಟ್ಟುಕೊಂಡು ಕೂರಬೇಕು. ಪರಸಿಯ ನೆಲ ಒದ್ದೆಯಾದರೆ ಕಣ್ಣಿದ್ದವರ ಕಾಲೇ ನಿಲ್ಲುವುದಿಲ್ಲ.

"ನೋಟೀಸಿನ ಮಾತು ಮತ್ತೊಮ್ಮೆ ಓದವ್ವ," ಎಂದರು ಅತ್ತೆ. ಓದಿದೆ. ಅವರು ಮಂಚದ ಪಕ್ಕದ ಗೋಡೆಯ ಮೇಲೆ ಕೈಯಿಟ್ಟು ಕೂತರು. ನನಗೆ ಅಷ್ಟು ಸಾಕಾಗಿತ್ತು.

ಕೊನೆಯ ಸಾಲನ್ನು ನಾನು ಒಬ್ಬಳೇ ಓದಿಕೊಂಡೆ. ಮೇಲಿನ ಎಲ್ಲಾ ಷರತ್ತುಗಳನ್ನು ಓದಿ, ಓದಿಸಿ, ತಿಳಿದು, ಸ್ವಇಚ್ಛೆಯಿಂದ ಒಪ್ಪಿ ಸಹಿ ಮಾಡಿರುತ್ತೇವೆ. ಯಜಮಾನರಿಗೆ ಅದನ್ನೇ ತೋರಿಸಿದೆ. "ಇಲ್ಲಿ ನೋಡ್ರಿ. ಓದಿ ತಿಳ್ದು ಒಪ್ಪೀವಿ ಅಂತ ಬರ್ದಾರ. ನೀವು ಓದಿಲ್ಲ, ತಿಳ್ದಿಲ್ಲ. ದೇವರ ಮುಂದ ಇಟ್ಟ ಕಾಗದದಾಗ ಸುಳ್ಳಿಗಿ ಸೈ ಮಾಡ್ತೀರೇನು? ನಾ ಅಂತೂ ಮಾಡಗೊಡಲ್ರಿ."

ಅವರು ದೇವರ ಮಾಡದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನಾಳಿ ನೀನೇ ಬಾ. ನೀನೇ ಮಾತಾಡು," ಎಂದರು. ಸಿಟ್ಟಿನಿಂದಲೇ ಅಂದದ್ದು. ಆದರೂ ಬಾ ಎಂದರಲ್ಲ, ಅದೇ ದೊಡ್ಡದು.

ಸೋಮವಾರ ಪೂಜೆ ಮುಗಿಸಿ, ಅತ್ತೆಯನ್ನು ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ಸೇಡಂ ಬಸ್ಸು ಹಿಡಿದೆವು. ಕಿಟಕಿಯ ಸೀಟು ಸಿಕ್ಕಿತು, ಅದೂ ಒಂದು ಪುಣ್ಯ. ನಾನು ಕಾಗದದ ಎರಡನೇ ಪುಟ ಮಡಿಲಲ್ಲಿ ಇಟ್ಟುಕೊಂಡು, ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ. ಜಪ ಮಾಡಿದ ಹಾಗೆ.

ಸಾವಕಾರರ ಮನೆಯಲ್ಲಿ ಎಲ್ಲ ಸಜ್ಜಾಗಿತ್ತು. ಕಾಗದಕ್ಕೆ ಕುಂಕುಮದ ಬೊಟ್ಟು, ಮೇಲೊಂದು ಚೆಂಡುಹೂವು, ಪಕ್ಕದಲ್ಲಿ ಪೆನ್ನು. ಸಾಕ್ಷಿಗೆಂದು ಇಬ್ಬರು ಅಂಗಡಿಯವರು ಚಹಾ ಕುಡಿಯುತ್ತಿದ್ದರು. "ಬರ್ರಿ, ಕುಂದ್ರಿ. ಅಂಗಡಿ ತೆಗಿಯೂ ಹೊತ್ತಾಯ್ತು, ಲಗೂ ಮುಗ್ಸಮ್," ಎಂದರು ಸಾವಕಾರರು. ಎತ್ತರದ ಆಳು, ಹಣೆಯ ತುಂಬ ವಿಭೂತಿ. ಅವರ ಹೆಂಡತಿ ನನಗಿಂತ ನಾಲ್ಕಾರು ವರ್ಷ ದೊಡ್ಡವರು. ನನ್ನನ್ನು ಒಳಗೆ ಕರೆಯಲು ಬಂದರು. ನಾನು ಅಲ್ಲೇ ಕೂತೆ.

ಯಜಮಾನರು ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ನಾನೇ ಕೈಮುಗಿದು ಅಂದೆ: "ಸಾವಕಾರ್ರೇ, ತಪ್ಪು ತಿಳ್ಕೋಬ್ಯಾಡ್ರಿ. ಕಾಗದದಾಗ ಓದಿ ತಿಳ್ದು ಸೈ ಮಾಡೀವಿ ಅಂತ ಅದರಿ. ಅದಕ್ಕ ಓದಿದ್ವಿ. ಒಂದೆರಡು ತಿಳಿಲಿಲ್ಲ. ತಿಳಿಸಿ ಹೇಳಿದ್ರ ಸೈ ಮಾಡೂದು ಹಗುರ ಆಗ್ತದ."

"ಏನ್ ತಿಳೀಲಿಲ್ಲ ತಂಗೀ?" ದನಿ ಸ್ವಲ್ಪ ಬಿಗಿಯಾಗಿತ್ತು.

"ಆ ಮನಿಗಿ ಶಟರ್ ಎಲ್ಲಿ ಅದ್ರಿ? ಗ್ರೀಸ್ ಹಚ್ಚಸ್ಬೇಕು ಅಂತ ಬರ್ದಾರ್ರಿ."

ಸಾಕ್ಷಿಗಳಲ್ಲಿ ಒಬ್ಬರಿಗೆ ಚಹಾ ನೆತ್ತಿಗೇರಿತು. ಸಾವಕಾರರು ಹೂವು ಬದಿಗೆ ಸರಿಸಿ ಕಾಗದ ಕೈಗೆತ್ತಿಕೊಂಡರು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು. ಆಮೇಲೆ ಜೋರಾಗಿ ನಕ್ಕರು. "ಅಲ್ಲಾ, ಇದು ನನ್ನ ಸ್ಟೇಷನ್ ರೋಡಿನ ಅಂಗಡಿ ಕರಾರು! ಅದೇ ಫೈಲ್‌ದಾಗ ಹೆಸರಷ್ಟು ಬದ್ಲಿ ಮಾಡ್ಯಾನ ಮಗಾ!"

"ನೀವೂ ಓದಿಲ್ಲಂದಂಗಾಯ್ತು," ಎಂದರು ಅವರ ಹೆಂಡತಿ ಬಾಗಿಲಲ್ಲಿ ನಿಂತು.

"ನನ್ನ ಕಾಗದ ನಾ ಯಾಕ ಓದ್ಲಿ?"

"ಹೌದ್ರಿ, ಅವರದ್ದು ಅವರೂ ಓದಬಾರ್ದು, ನಿಮ್ಮದು ನೀವೂ ಓದಬಾರ್ದು. ಟೈಪ್ ಮಾಡಾವ ಒಬ್ಬನೇ ಓದಬೇಕು."

ಆ ನಗುವಿನಲ್ಲಿ ಬಿಗಿ ಸಡಿಲಿತು. ಶಿವ ಯಾರ ಬಾಯಲ್ಲಿ ಬಂದು ಕೂರುತ್ತಾನೋ ಹೇಳಲಾಗದು. ನಾನು ದುರಸ್ತಿಯ ಮಾತು ತೆಗೆದೆ. ಸಾವಕಾರರು, "ಅಂಗಡಿಯವರಿಗಿ ಹಂಗ ಹಾಕ್ತೀವಿ. ಮನೀಗಿ ಹಂಗ ಬ್ಯಾಡ. ಆದ್ರ ಬಲ್ಬ್ ಹೋಯ್ತು, ನಳದ ವಾಶರ್ ಹೋಯ್ತು ಅಂತ ನನಗ ಫೋನ್ ಹಚ್ಚಬ್ಯಾಡ್ರಿ," ಎಂದರು.

"ಅಂಥವು ನಮ್ಮವೇ ಇರಲ್ರಿ. ಮಾಳಗಿ, ಗ್ವಾಡಿ, ಒಳಗಿನ ಪೈಪು, ವೈರಿಂಗು, ಇವು ನಿಮ್ಮವು ಅಂತ ಬರಸ್ರಿ."

"ಮಾಳಗಿಗಿ ಏನಾಗ್ಯಾದ? ಗಟ್ಟಿ ಅದ."

"ಅಡಗಿಮನಿ ಕಡಿ ಸೋರ್ತದ," ಎಂದರು ಅವರ ಹೆಂಡತಿ. ಗಂಡ ತಿರುಗಿ ನೋಡಿದರು. "ಹೋದ ಮಳಿಗಾಲದಾಗ ಇದ್ದವರು ಅದಕ್ಕೇ ಬಿಟ್ಟು ಹೋದ್ರು. ಸೋರೂದು ಸೋರ್ತದ ಅನ್ಲಿಕ್ಕ ಏನದ? ಈ ಸಲ ಮಳಿ ಬರೂ ಮದ್ಲ ಸಂದಿ ತುಂಬಿಸಿಕೊಡಮ್."

ಆ ತಾಯಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ. ಹಾಗೆಂದು ಎಲ್ಲವೂ ನಾವು ಕೇಳಿದಂತೆ ಆಗಲಿಲ್ಲ. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಡಿಪಾಜಿಟ್ಟಿನಲ್ಲಿ ಹಿಡಿಯುವುದನ್ನು ಅವರು ಬಿಟ್ಟುಕೊಡಲಿಲ್ಲ. "ಅದು ಸೇಡಂ ತುಂಬ ಹಂಗೇ ಅದ," ಎಂದರು. ವಿಚಾರಿಸಿದ್ದೆವು, ಇದ್ದದ್ದು ಹೌದು. ಒಪ್ಪಿದೆವು. ಉಳಿದದ್ದನ್ನು ಕೀಲಿಕೈ ಕೊಟ್ಟ ದಿನವೇ ಮರಳಿ ಕೊಡಬೇಕು, ಬೇರೆ ಏನಾದರೂ ಕಳೆಯುವುದಿದ್ದರೆ ಬಿಲ್ಲು ತೋರಿಸಬೇಕು, ದಿನಬಳಕೆಯಲ್ಲಿ ಸವೆದದ್ದು ಹಾನಿ ಅಲ್ಲ ಎಂದು ಬರೆಸಲು ಅವರು ಒಪ್ಪಿದರು. ಯಜಮಾನರು ಡಿಪಾಜಿಟ್ಟಿನ ದುಡ್ಡು ನಗದಾಗಿ ತಂದುಕೊಡುವ ಮಾತಾಡಿದ್ದರು. ಬ್ಯಾಂಕಿನಿಂದಲೇ ಹಾಕುತ್ತೇವೆ, ಯಾವ ದಿನ ಯಾವ ನಂಬರಿನಲ್ಲಿ ಬಂತು ಎಂದು ಕರಾರಿನಲ್ಲೇ ಸೇರಿಸಿ ಎಂದೆ. ಸಾವಕಾರರು ಅದಕ್ಕೆ ತಲೆಯಾಡಿಸಿದರು. ಅವರಿಗೂ ಅದೇ ಹಗುರ.

ಸಾವಕಾರರು ಗಟ್ಟಿಯಾಗಿ ನಿಂತದ್ದು ನೋಟೀಸಿನ ಮಾತಿನಲ್ಲೇ.

"ಒಂದು ತಿಂಗಳು ಅನ್ನೂದು ಮಾತ್ರ ತೆಗಿಯಲ್ಲ," ಎಂದರು. ಈ ಸಲ ನಗು ಇರಲಿಲ್ಲ. "ಅದು ಟೈಪಿಂಗಿನವನ ತಪ್ಪಲ್ಲ. ನಾನೇ ಹೇಳಿ ಬರಸೀನಿ. ನನ್ನ ಅಳಿಯ ಚಿಂಚೋಳಿ ತಾಲೂಕಿನಾಗ ಮಾಸ್ತರ ಹಾನ. ಈ ಕಡಿ ಬದ್ಲಿ ಕೇಳ್ಯಾನ. ಆರ್ಡರ್ ಬಂತಂದ್ರ ಮಗಳು ಮಕ್ಕಳು ಎಲ್ಲಿ ಇರ್ಬೇಕು?"

ಅವರ ಮಾತೂ ನ್ಯಾಯದ್ದೇ. ಯಜಮಾನರು ನನ್ನ ಕಡೆ ನೋಡಿದರು, ಬಿಟ್ಟುಬಿಡು ಎನ್ನುವ ಹಾಗೆ. ಒಂದು ಗಳಿಗೆ ನಾನೂ ತೂಗಾಡಿದೆ. ಸೋಮವಾರ, ದೇವರ ಮುಂದಿನ ಕಾಗದ, ನಾಲ್ಕು ಜನ. ಆಮೇಲೆ ಗೋಡೆಯ ಮೇಲಿಟ್ಟ ಅತ್ತೆಯ ಕೈ ನೆನಪಾಯಿತು. ಇದ್ದದ್ದು ಇದ್ದಂತೆ ಹೇಳಿದೆ.

"ನಮ್ಮ ಅತ್ತಿಗಿ ಕಣ್ಣಿಲ್ರಿ ಅಣ್ಣಾರೆ. ಗ್ವಾಡಿ ಮುಟ್ಟಿ ಮನಿ ಕಲೀತಾರ. ಅವರಿಗಿ ನಿಮ್ಮ ಮನಿ ಕಲಿಲಿಕ್ಕೇ ಎರಡು ಮೂರು ತಿಂಗಳು ಬೇಕು. ಕಲ್ತ ಮ್ಯಾಲ ಒಂದೇ ತಿಂಗಳಾಗ ಏಳಂದ್ರ, ಮತ್ತೊಂದು ಮನಿ ಹುಡಕೂದು ಇರ್ಲಿ, ಆ ಮುದುಕಿ ಕೈ ಹಿಡ್ಕೊಂಡು ಮೂಲ್ಯಾಗ ಕುಂದ್ರಬೇಕಾಗ್ತದ. ನಿಮಗ ಆಗಲ್ಲಂದ್ರ ಈಗೇ ಆಗಲ್ಲ ಅನ್ರಿ. ಬ್ಯಾರೆ ಮನಿ ನೋಡ್ತೀವಿ. ನಿಮ್ಮ ಮ್ಯಾಲ ಸಿಟ್ಟಿಲ್ಲ."

ಬೇರೆ ಮನೆ ನೋಡುತ್ತೇವೆ ಎಂದು ಅಂದುಬಿಟ್ಟೆ. ಅತ್ತೆಗಾಗಿ ಮೆಟ್ಟಿಲಿಲ್ಲದ ನೆಲದ ಮನೆ ಹುಡುಕಿ ಚಿತ್ತಾಪುರ, ವಾಡಿಯವರೆಗೂ ವಿಚಾರಿಸಿ ಸಿಗದೆ ಇದಕ್ಕೆ ಬಂದವರು ನಾವು. ಯಜಮಾನರು ಕೆಮ್ಮುವುದನ್ನೂ ಮರೆತಿದ್ದರು.

ಸಾವಕಾರರ ಹೆಂಡತಿ ಬಂದು ಗಂಡನ ಎದುರಿನ ಕುರ್ಚಿಯಲ್ಲಿ ಕೂತರು. "ಬದ್ಲಿ ಆರ್ಡರ್ ಬಂದ್ರ ಬ್ಯಾಸಿಗ್ಯಾಗ ಬರ್ತದ. ಸಾಲಿ ಶುರು ಆಗೂ ತನಕ ಮಗಳು ಎಲ್ಲಿ ಇರ್ತಾಳ? ಈ ಮನ್ಯಾಗ ಮ್ಯಾಲಿನ ಎರಡು ಖೋಲಿ ಇಲಿಗಿ ಇಟ್ಟೀರೇನು? ತವರುಮನಿ ಇರ್ಲಿಕ್ಕ ಮಗಳು ಕಿರಾಯಿದಾರ್ರಿಗಿ ಎಬ್ಬಿಸಿ ಮನಿ ಹಿಡಿಬೇಕೇನು?"

ಸಾವಕಾರರು ಬಹಳ ಹೊತ್ತು ಹೂವಿನ ಎಸಳು ಕೀಳುತ್ತ ಕೂತರು. ಕಡೆಗೆ, "ಮೂರು ತಿಂಗಳು. ನಿಮಗೂ ಮೂರು, ನನಗೂ ಮೂರು. ಹನ್ನೊಂದು ತಿಂಗಳ ಒಳಗ, ನೀವು ಬಾಡಿಗಿ ಬರಾಬರ್ ಕೊಡೂ ತನಕ, ನಾ ಏಳು ಅನ್ನಲ್ಲ. ಆದ್ರ ಅವಧಿ ಮುಗಿದ ದಿನ ಮನಿ ಬೇಕಂದ್ರ ಮೂರು ತಿಂಗಳು ಮದ್ಲೇ ಬರ್ದು ಕೊಡ್ತೀನಿ. ಆಗ ಮಾತ್ರ ಬಿಡ್ಬೇಕು, ನೆವ ಹೇಳಬಾರ್ದು," ಎಂದರು.

"ಹೇಳಲ್ರಿ," ಎಂದೆ. ಅವಧಿಗೆ ಮೊದಲೇ ನಾವು ಬಿಡಬೇಕಾಗಿ ಬಂದರೂ ಮೂರು ತಿಂಗಳ ನೋಟೀಸು ಕೊಟ್ಟಿದ್ದರೆ ಡಿಪಾಜಿಟ್ಟು ಮುಳುಗುವುದಿಲ್ಲ ಎಂದೂ ಸೇರಿತು. ಅದನ್ನು ಕೇಳಿದವರು ಯಜಮಾನರೇ. ಅವರ ದನಿ ಬಂದದ್ದು ನೋಡಿ ನನಗೆ ಹಿತವಾಯಿತು.

ತಹಶೀಲ್ ಕಚೇರಿಯ ಎದುರಿನ ತಗಡಿನ ನೆರಳಿನಲ್ಲಿ ಟೈಪು ಮಾಡುವವನ ಅಂಗಡಿ. ದಾರಿಯಲ್ಲೇ ಬ್ಯಾಂಕಿನಲ್ಲಿ ಡಿಪಾಜಿಟ್ಟು ಹಾಕಿ, ಚೀಟಿ ಹಿಡಿದು ಎಲ್ಲರೂ ಅಲ್ಲಿಗೇ ಹೋದೆವು. ಇನ್ನೂ ಯಾರೂ ಸೈ ಮಾಡಿರಲಿಲ್ಲವಾದ್ದರಿಂದ ಇ-ಸ್ಟ್ಯಾಂಪಿನ ಮೊದಲ ಪುಟ ಹಾಗೇ ಉಳಿಯಿತು. ಷರತ್ತುಗಳಿದ್ದ ಎರಡನೇ ಪುಟವನ್ನಷ್ಟೇ ಹೊಸದಾಗಿ ಟೈಪು ಮಾಡಿದ. ಸಾವಕಾರರು ಪಕ್ಕದಲ್ಲಿ ನಿಂತು, "ಶಟರ್ ಹೋಯ್ತೇನೋ? ನೋಡು, ಮತ್ತ ಎಲ್ಯರ ಗಲ್ಲಾಪೆಟ್ಟಿಗಿ ಬಂದೀತು," ಎಂದು ಅವನನ್ನು ಬೈಯುತ್ತಲೇ ಇದ್ದರು. ಹೊಸ ಪುಟವನ್ನು ಅವರೇ ಗಟ್ಟಿಯಾಗಿ ಓದಿದರು. ಒಂದು ಕಡೆ 'ಮಾಳಿಗೆ' ಬಿಟ್ಟುಹೋಗಿತ್ತು. ಅದನ್ನು ಪೆನ್ನಿನಿಂದ ಸೇರಿಸಿ, ಪಕ್ಕದಲ್ಲಿ ಸಾವಕಾರರೂ ಯಜಮಾನರೂ ಸಣ್ಣ ಸೈ ಹಾಕಿದರು. ಆಮೇಲೆ ಎರಡೂ ಪುಟಗಳಿಗೆ ಸೈ, ಸಾಕ್ಷಿಗಳ ಸೈ. ಒಂದು ಪ್ರತಿ ಅವರಿಗೆ, ಒಂದು ನಮಗೆ.

"ಒಳ್ಳೆ ಗಳಿಗಿ ಮೀರಿ ಹೋಯ್ತು ನೋಡ್ರಿ," ಎಂದರು ಸಾವಕಾರರು ಗಡಿಯಾರ ನೋಡಿ.

"ಸೋಮವಾರ ಪೂರಾ ಶಿವಂದು," ಎಂದೆ.

ಬಸ್ಸಿನಲ್ಲಿ ಯಜಮಾನರು ಒಂದು ಚೀಲ ಬದನೆಕಾಯಿ ನನ್ನ ಮಡಿಲಿಗಿಟ್ಟರು. ಯಾವಾಗ ಕೊಂಡರೋ ಗೊತ್ತಿಲ್ಲ. "ನನ್ನ ಕೈಲೆ ಆಗ್ತಿದ್ದಿಲ್ಲ," ಎಂದು ಕಿಟಕಿಯ ಕಡೆ ಮುಖ ಮಾಡಿದರು.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಹತ್ತಿರವೇ ಕೂತಿದ್ದರು. ಕಾಗದದ ಎರಡನೇ ಪುಟವನ್ನು ಅವರಿಗೆ ಮತ್ತೆ ಪೂರ್ತಿ ಓದಿದೆ. ಮಾಳಿಗೆ ಅವರದು, ವಾಶರು ನಮ್ಮದು ಎನ್ನುವಾಗ ತಲೆಯಾಡಿಸಿದರು. ಬಣ್ಣದ ದುಡ್ಡು ಹಿಡಿಯುತ್ತಾರೆ ಎಂದಾಗ, "ಬಣ್ಣ ನನಗೇನ್ ಕಾಣ್ತದ, ಹಿಡೀಲಿ," ಎಂದರು. ಹನ್ನೊಂದು ತಿಂಗಳು ಯಾರೂ ಏಳು ಅನ್ನುವಂತಿಲ್ಲ, ಆಮೇಲೆ ಬೇಕಾದರೂ ಮೂರು ತಿಂಗಳು ಮೊದಲೇ ಹೇಳಬೇಕು ಎಂದು ಓದಿದಾಗ ಅವರು ನನ್ನ ಕಡೆ ಸರಿದು ಕೂತರು.

"ಬಚ್ಚಲಮನಿ ಯಾವ ಕೈಗಿ ಬರ್ತದವ್ವ ಆ ಮನ್ಯಾಗ?" ಎಂದು ಕೇಳಿದರು.

"ಎಡಗೈಗ್ರಿ ಅತ್ತಿ. ನಡುಮನಿ ದಾಟಿದ್ರ."

"ನಡುಮನಿ ಗ್ವಾಡಿ ಖರ್ಬರ ಅದೋ, ನುಣ್ಣಗ ಅದೋ?"

"ಖರ್ಬರ ಅದರಿ."

"ಛಲೋ ಆಯ್ತು. ಖರ್ಬರ ಗ್ವಾಡಿ ಲಗೂ ಗುರುತು ಸಿಗ್ತದ," ಎಂದು ಅತ್ತೆ ತಮ್ಮ ಎಡಗೈಯನ್ನು ಗಾಳಿಯಲ್ಲಿ ಚಾಚಿ, ಇಲ್ಲದ ಗೋಡೆಯೊಂದನ್ನು ಮೆಲ್ಲಗೆ ಸವರಿದರು.

ನಾನು ಕರಾರನ್ನು ಟ್ರಂಕಿನಲ್ಲಿಟ್ಟು, ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆ ತೆಗೆಯತೊಡಗಿದೆ. ಅತ್ತೆಯ ಸೀರೆ ಇನ್ನೂ ಸ್ವಲ್ಪ ಹಸಿಯಿತ್ತು. ಅದನ್ನು ಮಗ್ಗುಲು ಬದಲಿಸಿ ಹಾಕಿ ಬಂದೆ.